ಸಹಾಯ ಬೇಕು: ಬಾಕಿ ಬಿಲ್ಲಿನ ಮೊದಲ ನೆನಪೋಲೆ ಒರಟಾಗದಂತೆ ಬರೆಯುವುದು ಹೇಗೆ?

ಗುಳೇದಗುಡ್ಡದಲ್ಲಿ ನಮ್ಮದು ನಾಲ್ಕು ಮಗ್ಗಗಳ ಖಣದ ಕೆಲಸ. ಬೆಂಗಳೂರಿನ ಅಂಗಡಿಯೊಂದಕ್ಕೆ ಕಳಿಸಿದ ಖಣಗಳ ಬಿಲ್ಲು 38,400 ರೂಪಾಯಿ. ಗಡುವು ಮುಗಿದು ಇಂದಿಗೆ ನಾಲ್ಕು ದಿನ. ಅಂಗಡಿಯ ಮೇಡಂ ಹಿಂದೆಂದೂ ತಡ ಮಾಡಿದವರಲ್ಲ.

ಮೊದಲು ಹೀಗೆ ಬರೆದೆ: “ನೀವು ಇನ್ನೂ ಹಣ ಕಳಿಸಿಲ್ಲ. ಕೂಡಲೇ ಪಾವತಿಸಿ.” ಅದರ ಕೆಳಗೆ ಸಣ್ಣ ಉದ್ಯಮಗಳಿಗೆ ತಡವಾಗಿ ಹಣ ಕೊಟ್ಟರೆ ಬಡ್ಡಿ ಬೀಳುತ್ತದೆಂಬ ಕಾನೂನನ್ನೂ ಸೇರಿಸಿದ್ದೆ. ಓದಿದ ಅಣ್ಣ, “ಇದು ನೆನಪಿಸುವುದಲ್ಲ, ವಸೂಲಿಗೆ ನಿಂತಂತಿದೆ” ಎಂದ. ನಿಜವೇ. “ನೀವು ಕಳಿಸಿಲ್ಲ” ಎಂದರೆ ತಪ್ಪು ಹೊರಿಸಿದಂತೆ. ಕಾನೂನಿನ ಮಾತು ಮೂರನೆಯ ಓಲೆಗೆ ಇರಲಿ.

ಈಗ ತಿದ್ದಿದ್ದು:

“ಮೇಡಂ, ನಮಸ್ಕಾರ. ಬಿಲ್ಲು ಸಂಖ್ಯೆ 27ರ 38,400 ರೂಪಾಯಿಗೆ ಇದೇ 10ನೇ ತಾರೀಖು ಗಡುವಿತ್ತು. ನಮ್ಮ ಖಾತೆಯಲ್ಲಿ ಇನ್ನೂ ಜಮೆ ಕಾಣಿಸಿಲ್ಲ. ಈಗಾಗಲೇ ಕಳಿಸಿದ್ದರೆ ಯುಟಿಆರ್ ಸಂಖ್ಯೆ ತಿಳಿಸಿ, ನಾನೇ ಬ್ಯಾಂಕಿನಲ್ಲಿ ವಿಚಾರಿಸುತ್ತೇನೆ. ಬಿಲ್ಲು ಕೈತಪ್ಪಿರಬಹುದೆಂದು ಪ್ರತಿಯನ್ನು ಮತ್ತೆ ಕಳಿಸಿದ್ದೇನೆ. ಅನುಕೂಲವಾದಾಗ ಪಾವತಿಸಿ.”

ಕೊನೆಯ ವಾಕ್ಯವೇ ತೊಡಕು. ಹಿಂದೊಮ್ಮೆ ಬೇರೊಬ್ಬರಿಗೆ “ಅನುಕೂಲವಾದಾಗ” ಎಂದು ಬರೆದಿದ್ದಕ್ಕೆ ಅವರಿಗೆ ಎರಡು ತಿಂಗಳು ಅನುಕೂಲವೇ ಆಗಲಿಲ್ಲ! ಅದರ ಬದಲು “ಯಾವ ದಿನ ನಿರೀಕ್ಷಿಸಬಹುದು ಎಂದು ತಿಳಿಸಿದರೆ ನೂಲಿನವರಿಗೆ ಅದೇ ದಿನ ಹೇಳುತ್ತೇನೆ” ಎಂದರೆ ಹೇಗೆ? ನೂಲಿನವರ ಮಾತು ನಿಜ, ಆದರೆ ಕಷ್ಟ ತೋಡಿಕೊಂಡಂತೆ ಕೇಳುತ್ತದೆಯೇ? ಅಂಗಡಿ ನಡೆಸುವವರು, ಇಂಥ ಓಲೆ ನಿಮಗೆ ಬಂದರೆ ಬೇಸರವಾಗುತ್ತದೆಯೇ ಹೇಳಿ. ನಾಳೆ ಬೆಳಿಗ್ಗೆ ಕಳಿಸಬೇಕಿದೆ.