ಪಿಎಫ್ ಮೇಲೆ ಕಡಿತವಾದ ತೆರಿಗೆ: ನೋಟಿಸ್‌ಗೆ ಉತ್ತರ ಬರೆಯಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. 2024ರ ಏಪ್ರಿಲ್‌ನಲ್ಲಿ ಪಿಎಫ್ ಹಣ 3,80,000 ರೂಪಾಯಿ ತೆಗೆದೆ. ಐದು ವರ್ಷ ಆಗಿಲ್ಲ ಅಂತ ಸೆಕ್ಷನ್ 192ಎ ಅಡಿ ಶೇ. 10, ಅಂದರೆ 38,000 ಟಿಡಿಎಸ್ ಹಿಡಿದರು. ನಾನು ರಿಟರ್ನ್‌ನಲ್ಲಿ ಇಡೀ ಮೊತ್ತವನ್ನು ಸೆಕ್ಷನ್ 10(12) ಅಡಿ ವಿನಾಯಿತಿ ಅಂತ ತೋರಿಸಿ ರೀಫಂಡ್ ಕೇಳಿದ್ದೆ. ಈಗ ಯಾಕೆ ವಿನಾಯಿತಿ ಅಂತ ನೋಟಿಸ್ ಬಂದಿದೆ.

ಮೊದಲ ಕಂಪನಿಯಲ್ಲಿ 2018ರ ಜೂನ್‌ನಿಂದ 2021ರ ಆಗಸ್ಟ್‌ವರೆಗೆ ಇದ್ದೆ. 17 ದಿನ ಬಿಟ್ಟು ಎರಡನೆಯದಕ್ಕೆ ಸೇರಿ 2024ರ ಜನವರಿವರೆಗೆ ದುಡಿದೆ. ಎರಡೂ ಸೇರಿದರೆ ಐದು ವರ್ಷ ದಾಟುತ್ತದೆ. ಹಳೆಯ ಪಿಎಫ್ ಹಣವನ್ನು ತೆಗೆಯದೆ ಹೊಸ ಖಾತೆಗೆ ವರ್ಗಾಯಿಸಿದ್ದೆ. ಹಾಗೆ ವರ್ಗಾಯಿಸಿದರೆ ಹಿಂದಿನ ಸೇವೆಯೂ ಲೆಕ್ಕಕ್ಕೆ ಬರುತ್ತದೆ ಎಂದು ನಾಲ್ಕನೇ ಶೆಡ್ಯೂಲ್‌ನ ಎ ಭಾಗದ ನಿಯಮ 8ರಲ್ಲಿದೆ, ಅಲ್ವಾ?

ಎರಡನೇ ಕಂಪನಿಯ ಎಚ್‌ಆರ್ ತಮ್ಮಲ್ಲಿನ ಅವಧಿಗೆ ಮಾತ್ರ ಪತ್ರ ಕೊಟ್ಟರು. ಮೊದಲ ಕಂಪನಿ ಮುಚ್ಚಿಹೋಗಿದೆ, ರಿಲೀವಿಂಗ್ ಲೆಟರ್ ಕಳೆದುಹೋಗಿದೆ. ನನ್ನ ಹತ್ತಿರ ಇರುವುದು ಎರಡೂ ಪಾಸ್‌ಬುಕ್, ವರ್ಗಾವಣೆಯ ಅನೆಕ್ಷರ್ ಕೆ, ಯುಎಎನ್ ಪೋರ್ಟಲ್‌ನ ಸರ್ವಿಸ್ ಹಿಸ್ಟರಿ. ಅದರಲ್ಲಿ ಎರಡೂ ಕಡೆ ಸೇರಿದ, ಬಿಟ್ಟ ದಿನಾಂಕ ಸರಿಯಾಗಿದೆ.

ನಾನು ಸಿಕ್ಕಿಹಾಕಿಕೊಂಡಿರುವುದು ಆ 17 ದಿನದಲ್ಲಿ. ಸ್ನೇಹಿತರೊಬ್ಬರು ಅದರಿಂದ ಸೇವೆ ತುಂಡಾಯಿತು ಅನ್ನುತ್ತಾರೆ. ಇನ್ನೊಬ್ಬರು ಹಣ ವರ್ಗವಾಗಿದ್ದರೆ ಸಾಕು ಅನ್ನುತ್ತಾರೆ. ಉತ್ತರ ಕೊಡಲು 12 ದಿನ ಉಳಿದಿದೆ.

ಇಂಥ ನೋಟಿಸ್‌ಗೆ ಉತ್ತರ ಕೊಟ್ಟವರು ದಯವಿಟ್ಟು ಹೇಳಿ: ಈ ಅಂತರವನ್ನು ಉತ್ತರದಲ್ಲಿ ಹೇಗೆ ವಿವರಿಸಿದಿರಿ? ರಿಲೀವಿಂಗ್ ಲೆಟರ್ ಇಲ್ಲದೆ ಅನೆಕ್ಷರ್ ಕೆ ಮತ್ತು ಸರ್ವಿಸ್ ಹಿಸ್ಟರಿಯನ್ನೇ ಒಪ್ಪಿಕೊಂಡರಾ?