ಮರಳುಗಲ್ಲಿನ ಗುಡಿ, ಇಳಕಲ್ ಗ್ರಾನೈಟ್: ಮಾಡಿಸಿದವರು ಹೇಳಿ

ಕೇಳಿದವರು, ಹುನಗುಂದ ತಾಲ್ಲೂಕು: ನಮ್ಮೂರ ಈಶ್ವರ ಗುಡಿ ಹಳೆಯದು, ಕೆಂಪು ಮರಳುಗಲ್ಲಿನದು. ಯಾವ ಇಲಾಖೆಯ ಪಟ್ಟಿಯಲ್ಲೂ ಇಲ್ಲ. ಗೋಡೆಯ ಬುಡದಲ್ಲಿ ಕಲ್ಲು ಪುಡಿಯಾಗಿ ಉದುರುತ್ತಿದೆ. ಶ್ರಾವಣದೊಳಗೆ ಒಳಗೋಡೆಗೆ ನಾಲ್ಕು ಅಡಿ ಗ್ರಾನೈಟ್, ನೆಲಕ್ಕೆ ಟೈಲ್ಸ್, ಕಂಬಕ್ಕೆ ಆಯಿಲ್ ಪೇಂಟ್ ಮಾಡಿಸಬೇಕೆಂದು ಹಿರಿಯರು ಪಟ್ಟಿ ಎತ್ತಿದ್ದಾರೆ. ಮಾಡಿಸಿದವರು ಅನುಭವ ಹೇಳಿ.

ಗುಳೇದಗುಡ್ಡದವರು: ನಮ್ಮ ಗುಡಿಗೆ ಹನ್ನೆರಡು ವರ್ಷದ ಹಿಂದೆ ಇಷ್ಟನ್ನೂ ಮಾಡಿಸಿದೆವು, ಪಟ್ಟಿ ಎತ್ತಿದವರಲ್ಲಿ ನಾನೂ ಇದ್ದೆ. ಮೊದಲ ವರ್ಷ ಗೋಡೆ ಫಳಫಳ ಹೊಳೆಯಿತು. ಮೂರನೇ ಮಳೆಗಾಲಕ್ಕೆ ಗ್ರಾನೈಟ್ ಮುಗಿದ ಜಾಗದ ಮೇಲೆ ಹಸಿ ಪಟ್ಟೆ ಬಂತು. ಆಮೇಲೆ ಬಿಳಿ ಪುಡಿ, ಆಮೇಲೆ ಕಲ್ಲು ಈರುಳ್ಳಿ ಸಿಪ್ಪೆಯ ಹಾಗೆ ಏಳತೊಡಗಿತು. ಅಲ್ಲೇ ಒಂದು ಹೂಬಳ್ಳಿ ಕೆತ್ತನೆ ಇತ್ತು, ಈಗ ಅದರ ಎರಡು ಎಲೆ ಉಳಿದಿವೆ.

ಕಾರಣ ಇಷ್ಟೇ. ಮರಳುಗಲ್ಲು ನೆಲದ ನೀರನ್ನು ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮೇಲಕ್ಕೆ ಎಳೆಯುತ್ತದೆ. ಮೊದಲು ಆ ನೀರು ಗೋಡೆಯ ಬುಡದಲ್ಲೂ ನೆಲದ ಹಾಸುಗಲ್ಲಿನ ಸಂದಿಯಲ್ಲೂ ಆರಿ ಹೋಗುತ್ತಿತ್ತು. ಸಿಮೆಂಟ್, ಗ್ರಾನೈಟ್, ಟೈಲ್ಸ್ ಸೇರಿ ಆ ದಾರಿ ಮುಚ್ಚಿದವು. ನೀರು ಇನ್ನೂ ಮೇಲೆ ಹತ್ತಿತು. ಅದರ ಜೊತೆ ಹೋದ ಉಪ್ಪು, ನೀರು ಆರುವ ಜಾಗದಲ್ಲಿ ಕಲ್ಲಿನೊಳಗೇ ಗಟ್ಟಿಯಾಗಿ ಕಲ್ಲನ್ನು ಒಡೆಯುತ್ತದೆ. ನಿಮ್ಮ ಬುಡದ ಕಲ್ಲು ಉದುರುವುದೂ ಇದರಿಂದಲೇ ಇರಬಹುದು. ಗ್ರಾನೈಟ್ ಹೊದಿಸಿದರೆ ಆ ರೋಗ ಮರೆಯಾಗುತ್ತದೆ, ವಾಸಿಯಾಗುವುದಿಲ್ಲ.

ಇಳಕಲ್ಲಿನಿಂದ: ತಪ್ಪು ಗ್ರಾನೈಟಿನದು ರೀ. ಅದರ ಬದಲು ಬಾದಾಮಿ ಕಡೆಯ ಮರಳುಗಲ್ಲನ್ನೇ ತೆಳ್ಳಗೆ ಸೀಳಿಸಿ ಹಚ್ಚಿ, ಮೇಲೆ ವಾಟರ್‌ಪ್ರೂಫ್ ಹೊಡೆಸಿ. ಬಣ್ಣವೂ ಹೊಂದುತ್ತದೆ.

ಗುಳೇದಗುಡ್ಡದವರು: ಕಲ್ಲು ಅದೇ ಜಾತಿಯದಿರಬೇಕು ಅನ್ನುವುದು ಸರಿ ಅಣ್ಣಾ. ಆದರೆ ಹಿಂದೆ ಸಿಮೆಂಟ್, ಮುಂದೆ ವಾಟರ್‌ಪ್ರೂಫ್ ಆದರೆ ನೀರು ಮತ್ತೆ ಒಳಗೇ ಸಿಕ್ಕಿಬೀಳುತ್ತದೆ. ಆಯಿಲ್ ಪೇಂಟ್ ಕೂಡ ಹಾಗೆಯೇ. ಹಚ್ಚಲೇಬೇಕಾದರೆ ಸುಣ್ಣ, ಅದೂ ಕೆತ್ತನೆ ಅಕ್ಷರ ಇಲ್ಲದ ಕಡೆ ಮಾತ್ರ. ಸುಣ್ಣದೊಳಗೆ ಗೋಡೆ ಉಸಿರಾಡುತ್ತದೆ.

ವಿಜಯಪುರದಿಂದ: ನಮ್ಮ ಗುಡಿ ಗೋಪುರದ ಬಣ್ಣವೂ ಎರಡೇ ವರ್ಷಕ್ಕೆ ಏಳುತ್ತಿದೆ. ಇಪ್ಪತ್ತು ವರ್ಷದ ಕಾಂಕ್ರೀಟ್ ಗುಡಿ. ಸುಣ್ಣ ಹಚ್ಚಬೇಕಾ?

ಗುಳೇದಗುಡ್ಡದವರು: ನಿಮ್ಮದು ಬೇರೆ ವಿಷಯ. ಹಳೆಯ ಕಲ್ಲಿಲ್ಲ, ಹೊರಗೆ ಬಳಿಯುವ ಒಳ್ಳೆಯ ಪೇಂಟ್ ಸಾಕು. ಮೊದಲು ಬಿರುಕು ಮುಚ್ಚಿಸಿ.

ಬಾಗಲಕೋಟೆಯಿಂದ: ನನ್ನ ಅತ್ತೆ ಎಣ್ಣೆ ನೀರು ಬಿದ್ದ ಹಾಸುಗಲ್ಲಿನ ಮೇಲೆ ಜಾರಿ ಸೊಂಟ ಮುರಿದುಕೊಂಡರು. ದಿನಾ ನೆಲ ತೊಳೆಯುವವರು ನಾವು ಹೆಂಗಸರು. ಹೊಲಸು ಸಂದಿಯಲ್ಲಿ ಕೂತರೆ ಹೇಗೆ? ನಾವು ಪೂಜೆ ಮಾಡುವ ಗುಡಿ ಇದು, ಮ್ಯೂಸಿಯಂ ಅಲ್ಲ. ದೇವರ ಮನೆ ಚೆಂದ ಕಾಣಲಿ ಅನ್ನುವುದು ತಪ್ಪಾ?

ಗುಳೇದಗುಡ್ಡದವರು: ತಪ್ಪಲ್ಲ ಅಕ್ಕಾ. ಆದರೆ ನುಣ್ಣನೆ ಟೈಲ್ಸ್ ಮೇಲೆ ಎಣ್ಣೆ ಬಿದ್ದರೆ ಇನ್ನೂ ಜಾಸ್ತಿ ಜಾರುತ್ತದೆ. ತಗ್ಗಾದ ಹಾಸುಗಲ್ಲನ್ನಷ್ಟೇ ಎತ್ತಿ, ಕೆಳಗೆ ಮರಳು ಸುಣ್ಣ ಹಾಕಿ ಮಟ್ಟಮಾಡಿ ಕೂರಿಸಿ, ಸಂದಿಗೆ ಸುಣ್ಣದ ಗಾರೆ ತುಂಬಿಸಿ. ಹೊಲಸು ಕೂರುವುದಿಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ, ಟೈಲ್ಸ್ ಇಲ್ಲ. ಕಂಬದ ಬಣ್ಣದ ವಿಷಯದಲ್ಲಿ ಮಾತ್ರ ನನಗೂ ದ್ವಂದ್ವ ಇದೆ. ಎಷ್ಟೋ ಕಡೆ ಹಬ್ಬಕ್ಕೆ ಬಣ್ಣ ಹಚ್ಚುವುದೂ ಹಿಂದಿನಿಂದ ಬಂದ ಸೇವೆಯೇ.

ಕೇಳಿದವರಿಗೆ: ಮೊದಲು ಹೊರಗೆ ಹೋಗಿ ನೋಡಿ. ರಸ್ತೆ, ಅಂಗಳ ಎತ್ತರವಾಗುತ್ತಾ ಗುಡಿಯ ಅಧಿಷ್ಠಾನ, ಅಂದರೆ ಗೋಡೆ ನಿಂತಿರುವ ಬುಡದ ಕಲ್ಲಿನ ಪೀಠ, ಮುಚ್ಚಿದೆಯಾ? ಅಭಿಷೇಕದ ನೀರು ಎಲ್ಲಿಗೆ ಹೋಗುತ್ತದೆ? ಮಾಳಿಗೆ ಮೇಲೆ ನೀರು ನಿಲ್ಲುತ್ತದೆಯಾ? ಇವು ಮೂರು ಸರಿಯಾಗಿ ಗೋಡೆ ಒಂದೆರಡು ಬೇಸಿಗೆ ಆರುವವರೆಗೆ ಒಳಗೆ ಏನೂ ಹಚ್ಚಬೇಡಿ. ಬಿಳಿ ಪುಡಿಯನ್ನು ಒಣ ಬ್ರಷ್‌ನಿಂದ ತೆಗೆಯಿರಿ. ನೀರಿನಲ್ಲಿ ತೊಳೆದರೆ ಉಪ್ಪು ಕರಗಿ ವಾಪಸ್ ಕಲ್ಲಿಗೇ ಹೋಗುತ್ತದೆ. ಹಳೆ ಪೇಂಟ್ ತೆಗೆಯಲು ಗ್ರೈಂಡರ್, ಆ್ಯಸಿಡ್, ಮರಳು ಹೊಡೆಯುವ ಮೆಷಿನ್ ಯಾವುದೂ ಬೇಡ, ಕಲ್ಲಿನ ಮೈಯೇ ಹೋಗುತ್ತದೆ.

ಕೇಳಿದವರು: ಇವತ್ತು ಸಂಜೆ ನೋಡಿದೆ. ಹಿಂದಿನ ಗೋಡೆಗೆ ಎರಡು ಅಡಿ ಮಣ್ಣು ಏರಿದೆ. ಅಭಿಷೇಕದ ನೀರು ಹೊರಗೆ ಬೀಳುವ ಕಲ್ಲಿನ ಬಾಯಿ ಆ ಮಣ್ಣಿನೊಳಗೇ ಹೂತುಹೋಗಿದೆ. ನೀರೆಲ್ಲ ಗೋಡೆಯ ಬುಡದಲ್ಲೇ ಇಂಗುತ್ತಿದೆ. ಹಿರಿಯರು ಮಣ್ಣು ತೆಗೆಸಲು ಒಪ್ಪಿದರು. ಗ್ರಾನೈಟ್ ಬಿಡಲು ಒಪ್ಪುತ್ತಿಲ್ಲ. ಕೊಟ್ಟವರ ಹೆಸರು ಅದರ ಮೇಲೆ ಕೆತ್ತಿಸುತ್ತೇವೆಂದು ಮಾತು ಕೊಟ್ಟುಬಿಟ್ಟಿದ್ದಾರೆ.

ಗುಳೇದಗುಡ್ಡದವರು: ನಮ್ಮಲ್ಲೂ ಗಂಟು ಇದೇ ಇತ್ತು. ಅದೇ ಕಲ್ಲನ್ನು ಅಂಗಳದಲ್ಲಿ, ಗುಡಿಗೆ ತಾಗದ ಹಾಗೆ, ಒಂದು ಕಟ್ಟೆ ಕಟ್ಟಿಸಿ ಹಾಕಿಸಿ. ಎಲ್ಲರ ಹೆಸರೂ ಅಲ್ಲೇ ಬರೆಸಿ. ಮಣ್ಣು ತೆಗೆಯುವಾಗ ಪಾಯದ ಕೆಳಗೆ ಹೋಗಬೇಡಿ, ಜೆಸಿಬಿ ಬೇಡವೇ ಬೇಡ. ಅಕ್ಷರದ ಕಲ್ಲೋ ವೀರಗಲ್ಲೋ ಸಿಕ್ಕರೆ ಅಲ್ಲೇ ಕೆಲಸ ನಿಲ್ಲಿಸಿ ಪುರಾತತ್ವ ಇಲಾಖೆಯವರಿಗೆ ಫೋನ್ ಮಾಡಿ.

ಕೇಳಿದವರು: ಕಟ್ಟೆಯ ಮಾತನ್ನು ಸೋಮವಾರದ ಸಭೆಯಲ್ಲಿ ಇಡುತ್ತೇನೆ. ಒಬ್ಬರು ಮಾತ್ರ ಗರ್ಭಗುಡಿ ಬಾಗಿಲಿಗೆ ಅಂತಲೇ ಹರಕೆ ಹೊತ್ತು ಕಲ್ಲು ತಂದಿಳಿಸಿದ್ದಾರೆ. ಅವರಿಗೆ ಏನು ಹೇಳಲಿ ಅಂತ ಇನ್ನೂ ಗೊತ್ತಾಗಿಲ್ಲ.