ಮಳಿಗೆ ಅರ್ಜಿ ತಿರಸ್ಕರಿಸಿದ ಪತ್ರ ಹೇಗಿರಬೇಕು? ಅನುಭವ ಹಂಚಿಕೆ

ಕೇಳಿದವರು (ಬಡಾವಣೆ ಸಂಘದ ಕಾರ್ಯದರ್ಶಿ): ನಮ್ಮ ರಾಜ್ಯೋತ್ಸವ ಮೇಳದಲ್ಲಿ ಮಿರ್ಚಿ ಬಜ್ಜಿ ಮಳಿಗೆ ಹಾಕಲು ಬಯಸಿದ್ದ ಮಹಿಳೆಯೊಬ್ಬರ ಅರ್ಜಿಯನ್ನು, ಮನೆಬಳಕೆಯ ಗ್ಯಾಸ್ ಸಿಲಿಂಡರ್ ಬಳಸುತ್ತಾರೆಂಬ ಕಾರಣಕ್ಕೆ ಸಮಿತಿ ತಿರಸ್ಕರಿಸಿದೆ. ಮರು ಅರ್ಜಿಗೆ ಇನ್ನು ಹತ್ತು ದಿನ ಸಮಯವಿದೆ. ಪತ್ರವನ್ನು ಹೇಗೆ ಬರೆಯಲಿ?

ಹಿಂದೆ ಮಳಿಗೆ ಸಂಚಾಲಕರಾಗಿದ್ದವರು: ನಾನು ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ. ಇಂಥದ್ದೇ ಸಂದರ್ಭದಲ್ಲಿ ನಾನು "ಸುರಕ್ಷತಾ ನಿಯಮಗಳನ್ನು ಪಾಲಿಸದ ಕಾರಣ" ಎಂದಷ್ಟೇ ಬರೆದು ಕಳುಹಿಸಿದ್ದೆ. ಪತ್ರ ಓದಿದ ದೋಸೆ ವ್ಯಾಪಾರಿ ಸಾಲ ಮಾಡಿ ಹೊಸದೊಂದು ಅಗ್ನಿಶಾಮಕ ಕೊಂಡು, ಅದರ ಬಿಲ್ಲನ್ನು ಲಗತ್ತಿಸಿ ಮರು ಅರ್ಜಿ ಕೊಟ್ಟರು. ಫೋಟೋದಲ್ಲಿ ಬಂಡಿಯ ಕೆಳಗಿದ್ದದ್ದು ಮಾತ್ರ ಅದೇ ಮನೆಯ ಸಿಲಿಂಡರ್. ಎರಡನೆಯ ಸಲವೂ ಅರ್ಜಿ ಬಿತ್ತು, ದುಡ್ಡೂ ದಂಡವಾಯಿತು. ಆದ್ದರಿಂದ ಯಾವ ವಸ್ತು, ಎಲ್ಲಿ ಕಂಡಿತು, ಅದರ ಬದಲಿಗೆ ಏನು ತರಬೇಕು ಎಂಬ ಮೂರೂ ಪತ್ರದಲ್ಲಿ ಇರಲೇಬೇಕು. ಆಮೇಲೆ ನಾನು ಬಳಸುತ್ತಿದ್ದ ಒಕ್ಕಣೆಯನ್ನು ನಿಮ್ಮ ಸಂದರ್ಭಕ್ಕೆ ಹೊಂದಿಸಿ ಕೊಡುತ್ತಿದ್ದೇನೆ:

> ಮಾನ್ಯರೇ,
>
> ಮಿರ್ಚಿ ಬಜ್ಜಿ ಮಳಿಗೆಗಾಗಿ ತಾವು ಸಲ್ಲಿಸಿದ ಅರ್ಜಿಯನ್ನು ಸಮಿತಿಯು ಈಗಿನ ಸ್ಥಿತಿಯಲ್ಲಿ ಒಪ್ಪಲಾಗಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ. ಅರ್ಜಿಯೊಂದಿಗಿನ ಎರಡನೆಯ ಫೋಟೋದಲ್ಲಿ ಒಲೆಗೆ ಜೋಡಿಸಿರುವುದು ಮನೆಬಳಕೆಯ 14.2 ಕೆ.ಜಿ. ಸಿಲಿಂಡರ್. ಇದನ್ನು ವ್ಯಾಪಾರಕ್ಕೆ ಬಳಸುವುದನ್ನು ಕೇಂದ್ರ ಸರ್ಕಾರದ 2000ನೇ ಇಸವಿಯ ಎಲ್‌ಪಿಜಿ ಆದೇಶವು ನಿಷೇಧಿಸಿರುವುದರಿಂದ, ಮೇಳದ ನಿಯಮಗಳಲ್ಲೂ ಅದಕ್ಕೆ ಅವಕಾಶವಿಲ್ಲ. ಅರ್ಜಿಯ ಉಳಿದ ಯಾವ ಅಂಶಕ್ಕೂ ಆಕ್ಷೇಪವಿಲ್ಲ.
>
> ತಾವು 19 ಕೆ.ಜಿ. ವಾಣಿಜ್ಯ ಸಿಲಿಂಡರನ್ನಾಗಲಿ, ಗ್ಯಾಸ್ ಏಜೆನ್ಸಿಗಳಲ್ಲಿ ಗುರುತಿನ ಚೀಟಿ ತೋರಿಸಿ ಕೊಳ್ಳಬಹುದಾದ ಮುಕ್ತ ಮಾರಾಟದ 5 ಕೆ.ಜಿ. ಸಿಲಿಂಡರನ್ನಾಗಲಿ ಪಡೆದು, ಅದರ ಬಿಲ್ಲಿನ ಪ್ರತಿ ಮತ್ತು ಒಲೆಗೆ ಜೋಡಿಸಿದ ಒಂದು ಫೋಟೋವನ್ನು ಅಕ್ಟೋಬರ್ 18ರ ಸಂಜೆ 5 ಗಂಟೆಯೊಳಗೆ ಸಂಘದ ಕಚೇರಿಗೆ ತಲುಪಿಸಿದರೆ, ಹಳೆಯ ಅರ್ಜಿಯನ್ನೇ ಮರುಪರಿಶೀಲಿಸುತ್ತೇವೆ. ಹೊಸ ನಮೂನೆಯಾಗಲಿ ಶುಲ್ಕವಾಗಲಿ ಬೇಕಿಲ್ಲ.

"ಉಳಿದ ಯಾವ ಅಂಶಕ್ಕೂ ಆಕ್ಷೇಪವಿಲ್ಲ" ಎಂಬ ಸಾಲನ್ನು ದಯವಿಟ್ಟು ಬಿಡಬೇಡಿ, ಆದರೆ ಅರ್ಜಿಯನ್ನು ಪೂರ್ತಿ ನೋಡಿದ ಮೇಲೆಯೇ ಬರೆಯಿರಿ. ಮರು ಅರ್ಜಿ ಬಂದಾಗ ಆಹಾರ ಸುರಕ್ಷತಾ ನೋಂದಣಿ ಇಲ್ಲವೆಂದು ಹೊಸ ತಕರಾರು ತೆಗೆದರೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಹೋಟೆಲ್ ನಡೆಸುವವರು: ಇಷ್ಟುದ್ದ ಏಕೆ? ಯಾವುದಾದರೂ 5 ಕೆ.ಜಿ. ಸಿಲಿಂಡರ್ ತನ್ನಿ ಎಂದರೆ ಸಾಕು, ಚಿಕ್ಕ ಸಿಲಿಂಡರಿಗೆ ಈ ನಿಯಮ ತಾಗುವುದಿಲ್ಲ.

ಹಿಂದೆ ಮಳಿಗೆ ಸಂಚಾಲಕರಾಗಿದ್ದವರು: 5 ಕೆ.ಜಿ. ಸಿಲಿಂಡರ್ ಆಗುತ್ತದೆ ಎಂಬುದು ಸರಿ; ಆದರೆ ಯಾವುದಾದರೂ ಆಗುವುದಿಲ್ಲ. ಮನೆಯ ಸಂಪರ್ಕಕ್ಕೂ 5 ಕೆ.ಜಿ. ಸಿಲಿಂಡರ್ ಕೊಡುತ್ತಾರೆ, ಅದನ್ನು ಮಳಿಗೆಗೆ ತರುವಂತಿಲ್ಲ. ಫೋಟೋ ನೋಡಿ ವ್ಯತ್ಯಾಸ ಹಿಡಿಯುವುದು ಕಷ್ಟವೆಂದೇ ನಾನು ಬಿಲ್ಲನ್ನು ಕೇಳಿದ್ದು. ಒಂದು ಮಾತು ನಿಜ: ಎರಡು ದಿನ ಎಡೆಬಿಡದೆ ಬಜ್ಜಿ ಕರಿಯುವವರಿಗೆ ಒಂದು ಚಿಕ್ಕ ಸಿಲಿಂಡರ್ ಸಾಲದಿರಬಹುದು. ಅದನ್ನು ಪತ್ರದಲ್ಲಿ ಬರೆಯುವ ಬದಲು ಫೋನಿನಲ್ಲಿ ಹೇಳಿದರೆ ಚೆನ್ನ.

ಕಸೂತಿ ಸೀರೆ ಮಾರುವವರು: ನನ್ನ ಅರ್ಜಿಯನ್ನೂ ಹೋದ ವರ್ಷ ಒಂದು ಮೇಳದವರು ತಿರಸ್ಕರಿಸಿದರು. ಮೇಲ್ಮನವಿ ಯಾರಿಗೆ ಕೊಡಬೇಕೆಂದು ನೀವು ಕೇಳುತ್ತಿದ್ದೀರಾದರೆ, ನಾನು ಅಧ್ಯಕ್ಷರಿಗೇ ಬರೆದಿದ್ದೆ, ಉತ್ತರ ಬರಲಿಲ್ಲ. ಕಟ್ಟಿದ ಮುಂಗಡ ಹಿಂದಿರುಗುತ್ತದೆಯೋ ಇಲ್ಲವೋ ಎಂಬುದು ಪತ್ರದಲ್ಲಿ ಇರಲೇ ಇಲ್ಲ. ಅದಕ್ಕಾಗಿ ಮೂರು ಸಲ ಅಲೆದೆ.

ಕೇಳಿದವರು: ನಾನು ಪತ್ರ ಬರೆಯುವ ಕಡೆಯವನು, ಮೇಡಂ. ಆದರೂ ಮುಂಗಡದ ವಿಷಯ ನನಗೆ ಹೊಳೆದಿರಲಿಲ್ಲ. ಮರು ಅರ್ಜಿ ಹಾಕದಿದ್ದರೆ ಪೂರ್ತಿ ಹಣ ಹಿಂದಿರುಗಿಸುತ್ತೇವೆಂದು ಸೇರಿಸುತ್ತೇನೆ. ಈಗ ಇನ್ನೊಂದು ಸಮಸ್ಯೆ. ಪರಿಚಯದ ಅಡುಗೆ ಕಂಟ್ರಾಕ್ಟರರಿಂದ ವಾಣಿಜ್ಯ ಸಿಲಿಂಡರ್ ಎರವಲು ತರುತ್ತೇನೆ ಎಂದು ಆ ಮಹಿಳೆ ಫೋನಿನಲ್ಲಿ ಹೇಳಿದ್ದಾರೆ. ಬಿಲ್ಲು ಅವರ ಹೆಸರಿನಲ್ಲಿ ಇರುವುದಿಲ್ಲವಲ್ಲ?

ಹಿಂದೆ ಮಳಿಗೆ ಸಂಚಾಲಕರಾಗಿದ್ದವರು: ಕಂಟ್ರಾಕ್ಟರರ ಬಿಲ್ಲಿನ ಪ್ರತಿಯ ಜೊತೆ ಅವರ ಸಹಿಯ ಒಂದು ಚೀಟಿ ಪಡೆದು ನಾವು ಒಪ್ಪಿದ್ದುಂಟು.

ಹೋಟೆಲ್ ನಡೆಸುವವರು: ನಾನಾದರೆ ಒಪ್ಪುವುದಿಲ್ಲ. ಅನಾಹುತವಾದರೆ ಆ ಚೀಟಿ ಯಾರ ಕೈ ಹಿಡಿಯುತ್ತದೆ? ನಿಮ್ಮ ಏಜೆನ್ಸಿಯವರನ್ನು ಕೇಳಿ, ಆಮೇಲೆ ಪತ್ರಕ್ಕೆ ಸಹಿ ಹಾಕಿ.